ಗೋಡೆಯ ಬೆನ್ನಿಗೆ ಒರಗುವ ಮಣ್ಣಿನ ಬೆಣೆ

ಮಣ್ಣನ್ನು ತಡೆದು ನಿಂತ ಗೋಡೆ ಹೊರಗಡೆಗೆ ತುಸು ಸರಿದರೆ ಅದರ ಹಿಂದಿನ ಮರಳುಮಣ್ಣು ಇಡಿಯಾಗಿ ಕದಲುವುದಿಲ್ಲ. ಗೋಡೆಯ ಬುಡದಿಂದ ಹೊರಟು ಓರೆಯಾಗಿ ನೆಲದ ಮೇಲ್ಮೈಯನ್ನು ತಲುಪುವ ಒಂದು ಸೀಳಿನ ಮೇಲೆ ತ್ರಿಕೋನಾಕಾರದ ಒಂದು ಹೋಳು ಮಾತ್ರ ಕೆಳಗೆ ಜಾರಲು ತೊಡಗುತ್ತದೆ. ಎಂಜಿನಿಯರುಗಳು ಈ ಹೋಳನ್ನು ಬೆಣೆ ಎನ್ನುತ್ತಾರೆ. ಗೋಡೆ ತಡೆಯಬೇಕಾದದ್ದು ಈ ಬೆಣೆಯನ್ನು. ಆದರೆ ಸೀಳು ಎಷ್ಟು ಓರೆಯಾಗಿ ಏಳುತ್ತದೆ ಎಂಬುದು ಮೊದಲೇ ತಿಳಿದಿರುವುದಿಲ್ಲ. ಹಾಗಾಗಿ ಒಂದು ಓರೆಯನ್ನು ಊಹಿಸಿ ಲೆಕ್ಕ ಹಾಕುವುದು, ಅದನ್ನು ಬದಲಿಸಿ ಮತ್ತೆ ಹಾಕುವುದು, ಕೊನೆಗೆ ಅತಿ ಹೆಚ್ಚು ಒತ್ತಡ ಕೊಟ್ಟ ಊಹೆಯನ್ನು ಆರಿಸಿಕೊಳ್ಳುವುದು: ಇದೇ ಊಹಾ ಬೆಣೆಯ ವಿಧಾನ, ಎಂಜಿನಿಯರುಗಳ ಮಾತಿನಲ್ಲಿ ಟ್ರಯಲ್ ವೆಜ್.

ಈ ವಿಧಾನದ ಬೇರು ಇರುವುದು ಫ್ರಾನ್ಸಿನ ಸೇನಾ ಎಂಜಿನಿಯರ್ ಚಾರ್ಲ್ಸ್ ಆಗಸ್ಟಿನ್ ಕೂಲಂಬ್‌ನ ಬರಹದಲ್ಲಿ. ವಿದ್ಯುತ್ತಿನ ನಿಯಮದಿಂದ ಹೆಸರಾದ ಕೂಲಂಬ್, ಅದಕ್ಕೂ ಮೊದಲು ಕೆರಿಬಿಯನ್ ದ್ವೀಪವಾದ ಮಾರ್ಟಿನಿಕ್‌ನಲ್ಲಿ ಕೋಟೆ ಕಟ್ಟಿಸುವ ಕೆಲಸದಲ್ಲಿ ವರ್ಷಗಟ್ಟಲೆ ಇದ್ದವನು. ಅಲ್ಲಿಂದ ಮರಳಿದ ಮೇಲೆ 1773ರಲ್ಲಿ ಪ್ಯಾರಿಸ್ಸಿನ ವಿಜ್ಞಾನ ಅಕಾಡೆಮಿಯ ಮುಂದೆ ಮಂಡಿಸಿ, 1776ರಲ್ಲಿ ಅಚ್ಚಾದ ಪ್ರಬಂಧದಲ್ಲಿ ಬೆಣೆಯ ಲೆಕ್ಕವನ್ನು ಕೊಟ್ಟ. 19ನೆಯ ಶತಮಾನದಲ್ಲಿ ಜೂರಿಕ್‌ನ ಕಾರ್ಲ್ ಕುಲ್ಮನ್ ಅದನ್ನು ಕಾಗದದ ಮೇಲೆ ಗೆರೆ ಎಳೆದೇ ಬಿಡಿಸುವಂತೆ ಮಾಡಿದ. 1857ರಲ್ಲಿ ಬಂದ ರ‍್ಯಾಂಕಿನ್‌ನ ಸಿದ್ಧಾಂತ ಇದಕ್ಕಿಂತ ಸರಳ. ಆದರೆ ಅದರ ಎಲ್ಲರೂ ಬಳಸುವ ಸೂತ್ರ ಹೊಂದುವುದು ನೆಟ್ಟಗೆ ನಿಂತ, ನುಣುಪಾದ ಬೆನ್ನಿನ ಗೋಡೆಗೆ. ಕಲ್ಲುಗೋಡೆಯ ಬೆನ್ನು ಸಾಮಾನ್ಯವಾಗಿ ಓರೆ, ಜೊತೆಗೆ ಒರಟು. ಅಂಥ ಕಡೆ ಬೆಣೆಯ ಲೆಕ್ಕಕ್ಕೇ ಮರಳಬೇಕಾಗುತ್ತದೆ.

ಒಂದು ಗೋಡೆಯನ್ನು ತೆಗೆದುಕೊಂಡು ನೋಡಬಹುದು. ಎತ್ತರ 6 ಮೀಟರ್. ಬುಡ ಅಗಲ, ತಲೆ ಕಿರಿದು. ಬೆನ್ನು ಲಂಬರೇಖೆಯಿಂದ 10 ಡಿಗ್ರಿ ಓರೆಯಾಗಿದ್ದು, ಮಣ್ಣು ಅದರ ಮೇಲೆ ಒರಗಿದಂತೆ ಕೂತಿದೆ. ಹಿಂದೆ ತುಂಬಿದ್ದು ಒಣ ಮರಳು. ಅದರ ಮೇಲ್ಮೈ ಸಮತಟ್ಟು. ಮರಳಿನ ಒಳ ಘರ್ಷಣೆಯ ಕೋನ 30 ಡಿಗ್ರಿ, ಘನಮೀಟರಿಗೆ ತೂಕ 18 ಕಿಲೋನ್ಯೂಟನ್. ಮರಳಿಗೂ ಗೋಡೆಗೂ ನಡುವಿನ ಘರ್ಷಣೆಯ ಕೋನ 20 ಡಿಗ್ರಿ, ಅಂದರೆ ಮರಳಿನ ಕೋನದ ಮೂರರಲ್ಲಿ ಎರಡು ಪಾಲು. ಒರಟು ಗೋಡೆಗೆ ಸಾಮಾನ್ಯವಾಗಿ ಹಿಡಿಯುವ ಬೆಲೆ ಇದು. ಲೆಕ್ಕವೆಲ್ಲ ಗೋಡೆಯ ಒಂದು ಮೀಟರ್ ಉದ್ದಕ್ಕೆ.

ಬೆಣೆಯ ಮೇಲೆ ಮೂರು ಬಲಗಳಿವೆ. ಮೊದಲನೆಯದು ಅದರ ತೂಕ, ನೇರ ಕೆಳಕ್ಕೆ. ಎರಡನೆಯದು ಸೀಳಿನ ಕೆಳಗಿರುವ ಗಟ್ಟಿ ಮರಳು ಕೊಡುವ ಆಸರೆ. ಬೆಣೆ ಜಾರುತ್ತಿರುವುದರಿಂದ ಈ ಆಸರೆ ಸೀಳಿಗೆ ಲಂಬವಾಗಿರದೆ, ಜಾರುವಿಕೆಯನ್ನು ತಡೆಯುವ ಕಡೆಗೆ 30 ಡಿಗ್ರಿ ವಾಲಿರುತ್ತದೆ. ಮೂರನೆಯದು ಗೋಡೆಯ ತಡೆ. ಬೆಣೆ ಗೋಡೆಯ ಬೆನ್ನನ್ನು ಉಜ್ಜಿಕೊಂಡು ಕೆಳಗಿಳಿಯುವುದರಿಂದ ಗೋಡೆ ಅದನ್ನು ಮೇಲಕ್ಕೆ ಎಳೆದು ಹಿಡಿಯುತ್ತದೆ. ಹಾಗಾಗಿ ಈ ತಡೆ ಬೆನ್ನಿನ ಲಂಬದಿಂದ ಮೇಲಕ್ಕೆ 20 ಡಿಗ್ರಿ ವಾಲುತ್ತದೆ. ಬೆನ್ನು ತಾನೇ 10 ಡಿಗ್ರಿ ಓರೆಯಿರುವುದರಿಂದ ಗೋಡೆಯ ತಡೆ ಅಡ್ಡಗೆರೆಯಿಂದ 30 ಡಿಗ್ರಿ ಮೇಲ್ಮುಖ. ಮಣ್ಣು ಗೋಡೆಯ ಮೇಲೆ ಹೇರುವ ಒತ್ತಡ ಇದಕ್ಕೆ ತದ್ವಿರುದ್ಧ: 30 ಡಿಗ್ರಿ ಕೆಳಮುಖ.

ತೂಕದ ಅಳತೆ, ದಿಕ್ಕು ಎರಡೂ ಗೊತ್ತು. ಉಳಿದೆರಡು ಬಲಗಳ ದಿಕ್ಕು ಮಾತ್ರ ಗೊತ್ತು. ಅಷ್ಟೇ ಸಾಕು. ತೂಕವನ್ನು ಅಳತೆಗೆ ಸರಿಯಾಗಿ ಒಂದು ನಿಲುವುಗೆರೆಯಾಗಿ ಎಳೆದು, ಅದರ ಎರಡು ತುದಿಗಳಿಂದ ಉಳಿದ ದಿಕ್ಕುಗಳಲ್ಲಿ ಗೆರೆ ಎಳೆದರೆ ಅವು ಒಂದೆಡೆ ಸೇರಿ ತ್ರಿಕೋನವಾಗುತ್ತದೆ. ಒತ್ತಡ ಎಷ್ಟೆಂಬುದನ್ನು ಅದರ ಬಾಹುವಿನಿಂದ ಅಳೆದುಕೊಳ್ಳಬಹುದು. ಸೀಳು ಅಡ್ಡಗೆರೆಯೊಂದಿಗೆ ಮಾಡುವ ಕೋನವನ್ನು θ, ಮರಳಿನ ಘರ್ಷಣೆಯ ಕೋನವನ್ನು φ, ಬೆನ್ನಿನ ಓರೆಯನ್ನು β, ಗೋಡೆಯ ಘರ್ಷಣೆಯ ಕೋನವನ್ನು δ, ಬೆಣೆಯ ತೂಕವನ್ನು W ಎಂದು ಕರೆದರೆ ಒತ್ತಡ P ಹೀಗೆ ಸಿಗುತ್ತದೆ:

P = W × sin(θ − φ) / cos(θ − φ − β − δ)

ಮೊದಲ ಊಹೆಯಾಗಿ 45 ಡಿಗ್ರಿಯ ಸೀಳನ್ನು ಹಿಡಿದರೆ ಬೆಣೆಯ ತೂಕ 381 ಕಿಲೋನ್ಯೂಟನ್, ಒತ್ತಡ 102. ಸೀಳನ್ನು 50 ಡಿಗ್ರಿಗೆ ಏರಿಸಿದರೆ ತೂಕ 329ಕ್ಕೆ ಇಳಿದರೂ ಒತ್ತಡ 114ಕ್ಕೆ ಏರುತ್ತದೆ. 55ಕ್ಕೆ 120.5, 60ಕ್ಕೆ 122. ಅಲ್ಲಿಂದ ಮುಂದೆ ಇಳಿಮುಖ: 65ಕ್ಕೆ 120, 70ಕ್ಕೆ ಮತ್ತೆ 114. ಸೀಳು ಚಪ್ಪಟೆಯಾದಷ್ಟೂ ಬೆಣೆ ಭಾರ. ಆದರೆ ಅದರ ಬಹುಪಾಲು ಭಾರ ಕೆಳಗಿನ ಮರಳಿನ ಮೇಲೇ ಕೂರುತ್ತದೆ. ಸೀಳು ಕಡಿದಾದಷ್ಟೂ ಬೆಣೆ ಜಾರಲು ಆತುರ ಪಡುತ್ತದೆ. ಆದರೆ ಹೋಳೇ ತೆಳ್ಳಗಾಗಿರುತ್ತದೆ. ಈ ಎರಡರ ನಡುವೆ ಎಲ್ಲೋ ಒತ್ತಡ ತುದಿ ಮುಟ್ಟುತ್ತದೆ. ಈ ಗೋಡೆಗೆ ಆ ತುದಿ ಇರುವುದು 60 ಡಿಗ್ರಿಯ ಆಸುಪಾಸಿನಲ್ಲಿ.

ಅತಿ ಹೆಚ್ಚಿನದನ್ನೇ ಏಕೆ ಆರಿಸಬೇಕು? ಪ್ರತಿ ಊಹೆಯೂ ಹೇಳುವುದು, ಆ ಒಂದು ಬೆಣೆ ಜಾರದಂತೆ ಹಿಡಿಯಲು ಗೋಡೆ ಕನಿಷ್ಠ ಎಷ್ಟು ತಡೆ ಕೊಡಬೇಕು ಎಂಬುದನ್ನು. 114 ಕಿಲೋನ್ಯೂಟನ್ ತಡೆಯುವ ಗೋಡೆ 50 ಡಿಗ್ರಿಯ ಬೆಣೆಯನ್ನು ಹಿಡಿದೀತು, 60 ಡಿಗ್ರಿಯ ಬೆಣೆಯನ್ನು ಹಿಡಿಯಲಾರದು. ಎಲ್ಲ ಬೆಣೆಗಳನ್ನೂ ಹಿಡಿಯುವ ಗೋಡೆ ಬೇಕೆಂದರೆ ಅವುಗಳಲ್ಲಿ ಹೆಚ್ಚು ಕೇಳುವುದಕ್ಕೆ ಸಾಕಾಗುವಷ್ಟು ಗಟ್ಟಿಯಿರಬೇಕು. ತುದಿಯ ಹತ್ತಿರ ಒತ್ತಡ ಹೆಚ್ಚು ಬದಲಾಗದಿರುವುದು ಒಂದು ಅನುಕೂಲ: 55ರಿಂದ 65 ಡಿಗ್ರಿಯವರೆಗೆ ಕೋನ ಎಲ್ಲಿದ್ದರೂ ವ್ಯತ್ಯಾಸ ನೂರಕ್ಕೆ ಎರಡು ಮಾತ್ರ. ಐದೈದು ಡಿಗ್ರಿಗೊಂದು ಊಹೆ ಸಾಕು.

ಗೋಡೆಯ ಒರಟುತನದ ಬೆಲೆ ಗೊತ್ತಾಗಬೇಕಾದರೆ ಇದೇ ಗೋಡೆಯ ಬೆನ್ನು ನುಣುಪಾಗಿದೆ ಎಂದುಕೊಂಡು ಲೆಕ್ಕ ಹಾಕಬೇಕು. ಆಗ ಒತ್ತಡ 132, ಅದರಲ್ಲಿ ಗೋಡೆಯನ್ನು ಅಡ್ಡಕ್ಕೆ ತಳ್ಳುವ ಪಾಲು 130, ಕೆಳಕ್ಕೆ ಅದುಮುವ ಪಾಲು 23. ಒರಟು ಬೆನ್ನಿಗೆ ತಳ್ಳುವ ಪಾಲು 106ಕ್ಕೆ ಇಳಿಯುತ್ತದೆ, ಅದುಮುವ ಪಾಲು 61ಕ್ಕೆ ಏರುತ್ತದೆ. ಗೋಡೆಯನ್ನು ಉರುಳಿಸಲು ನೋಡುವುದು ಅಡ್ಡ ತಳ್ಳಾಟ. ಕೆಳಮುಖ ಬಲ ಅದನ್ನು ಪಾಯದ ಮೇಲೆ ಊರಿ ನಿಲ್ಲಿಸುತ್ತದೆ. ಒಟ್ಟು ಒತ್ತಡ ಇಳಿದದ್ದು ನೂರಕ್ಕೆ ಎಂಟರಷ್ಟು ಮಾತ್ರ. ನಿಜವಾದ ಲಾಭ ಬಂದದ್ದು ಒತ್ತಡದ ದಿಕ್ಕು ಬದಲಾದದ್ದರಿಂದ.

ದಿಕ್ಕಿನಿಂದ ಇಷ್ಟು ಲಾಭವಿದೆ ಎಂದಮೇಲೆ ಅದು ತಪ್ಪಿದರೆ ನಷ್ಟವೂ ಅಷ್ಟೇ ದೊಡ್ಡದು. ಪಾಯದ ನೆಲ ಮೆತ್ತಗಿದ್ದು ಮರಳಿಗಿಂತ ಗೋಡೆಯೇ ಹೆಚ್ಚು ಕುಸಿದರೆ ಉಜ್ಜಾಟ ತಲೆಕೆಳಗಾಗುತ್ತದೆ: ಈಗ ಗೋಡೆ ಬೆಣೆಯನ್ನು ಕೆಳಕ್ಕೆ ಎಳೆಯುತ್ತದೆ. ಗೋಡೆಯ ಘರ್ಷಣೆಯ ಕೋನವನ್ನು ಋಣವಾಗಿ ಇಟ್ಟು ಮತ್ತೆ ಊಹಿಸುತ್ತಾ ಹೋದರೆ ಸೀಳು 75 ಡಿಗ್ರಿಯ ಹತ್ತಿರಕ್ಕೆ ಏರಿ, ಒತ್ತಡ 177 ಕಿಲೋನ್ಯೂಟನ್ ಆಗುತ್ತದೆ. ಅಡ್ಡ ತಳ್ಳಾಟವೇ 175, ಮೊದಲಿದ್ದದ್ದು 106. ಬೆನ್ನಿನ ಓರೆಯನ್ನು ಹಿಂದುಮುಂದಾಗಿ ಬರೆದರೂ ಅಪಾಯವೇ. ಗೋಡೆ ಮಣ್ಣಿನ ಕಡೆಗೆ ವಾಲಿದೆ ಎಂದು ತಪ್ಪಾಗಿ ಹಿಡಿದರೆ ಉತ್ತರ 75ಕ್ಕೆ ಇಳಿದು, ಇರಬೇಕಾದದ್ದಕ್ಕಿಂತ ಬಹಳ ದುರ್ಬಲವಾದ ಗೋಡೆ ಕಟ್ಟಿದಂತಾಗುತ್ತದೆ. ಸೂತ್ರ ಸರಿಯಾಗಿ ಕೂತಿದೆಯೇ ಎಂದು ನೋಡಲು ಒಂದು ಖಚಿತ ಪರೀಕ್ಷೆಯಿದೆ: ಬೆನ್ನನ್ನು ನೆಟ್ಟಗೆ, ನುಣುಪಾಗಿ ಮಾಡಿ ಲೆಕ್ಕ ಹಾಕಿದರೆ ಸೀಳು ಸರಿಯಾಗಿ 60 ಡಿಗ್ರಿಗೆ, ಒತ್ತಡ 108 ಕಿಲೋನ್ಯೂಟನ್‌ಗೆ ಬಂದು ನಿಲ್ಲಬೇಕು. ಅದು ರ‍್ಯಾಂಕಿನ್‌ನ ಉತ್ತರ. ಆದರೆ ಆಗ ಎರಡೂ ಕೋನಗಳು ಸೊನ್ನೆಯಾಗಿರುವುದರಿಂದ ಅವುಗಳ ಚಿಹ್ನೆಯ ತಪ್ಪು ಈ ಪರೀಕ್ಷೆಗೆ ಸಿಗುವುದಿಲ್ಲ. ಅದನ್ನು ಹಿಡಿಯಲು ಬಲಗಳ ಚಿತ್ರವನ್ನು ಬಿಡಿಸಿ ನೋಡುವುದೊಂದೇ ದಾರಿ.

ಇಲ್ಲಿಯವರೆಗಿನ ಗೋಡೆಗೆ ಕೂಲಂಬ್‌ನ ಸಿದ್ಧ ಸೂತ್ರವೂ ಇದೇ 122ನ್ನು ಕೊಡುತ್ತದೆ. ಊಹಾ ಬೆಣೆ ನಿಜವಾಗಿ ಬೇಕಾಗುವುದು ಸೂತ್ರಕ್ಕೆ ಒಗ್ಗದ ನೆಲದಲ್ಲಿ: ಮೇಲ್ಮೈ ಅಂಕುಡೊಂಕಾಗಿದ್ದಾಗ, ಅಥವಾ ಅದರ ಮೇಲೆ ಭಾರವಿದ್ದಾಗ. ಗೋಡೆಯ ತಲೆಯಿಂದ ಸುಮಾರು 4 ಮೀಟರ್ ಹಿಂದೆ, ಗೋಡೆಗೆ ಸಮಾನಾಂತರವಾಗಿ, ಮೀಟರಿಗೆ 60 ಕಿಲೋನ್ಯೂಟನ್ ಭಾರದ ಇನ್ನೊಂದು ಗೋಡೆ ಎದ್ದಿದೆ ಎನ್ನೋಣ. ಬುಡದಿಂದ ಆ ಜಾಗಕ್ಕೆ ಎಳೆದ ಗೆರೆಯ ಕೋನ 63.4 ಡಿಗ್ರಿ. ಸೀಳು ಇದಕ್ಕಿಂತ ಚಪ್ಪಟೆಯಾಗಿದ್ದರೆ ಆ ಭಾರ ಬೆಣೆಯ ಮೇಲೆ ಕೂತಿರುತ್ತದೆ, ತೂಕಕ್ಕೆ 60 ಸೇರಿಸಬೇಕು. ಕಡಿದಾಗಿದ್ದರೆ ಸೇರಿಸುವಂತಿಲ್ಲ. ಈಗ 55 ಡಿಗ್ರಿಗೆ ಒತ್ತಡ 146, 60ಕ್ಕೆ 152, ಭಾರದ ಹಿಂಬದಿಗೆ ತಾಗಿ ಏಳುವ ಸೀಳಿಗೆ 154. ಅದನ್ನು ದಾಟಿ 65ಕ್ಕೆ ಹೋದೊಡನೆ ಮತ್ತೆ 120. ಅಂದರೆ ಮಣ್ಣು ಸೀಳುವ ಜಾಗವನ್ನು ಇಲ್ಲಿ ಆ ಭಾರವೇ ಗೊತ್ತುಮಾಡುತ್ತದೆ. ಅದೇ ಭಾರವನ್ನು ಗೋಡೆಯ ತಲೆಯಿಂದ 7 ಮೀಟರಿನಾಚೆಗೆ ಸರಿಸಿದರೆ ಅದನ್ನು ಒಳಗೊಳ್ಳುವ ಯಾವ ಬೆಣೆಯೂ 122ನ್ನು ಮೀರುವುದಿಲ್ಲ. ಈ ಲೆಕ್ಕದ ಮಟ್ಟಿಗೆ ಭಾರ ಇದ್ದೂ ಇಲ್ಲದಂತೆ.

ಒತ್ತಡ ಎಷ್ಟೆಂದು ತಿಳಿಸುವ ಈ ವಿಧಾನ, ಅದು ಗೋಡೆಯ ಯಾವ ಎತ್ತರದಲ್ಲಿ ನಾಟುತ್ತದೆ ಎಂಬುದನ್ನು ತಾನಾಗಿ ಹೇಳುವುದಿಲ್ಲ. ಸಮತಟ್ಟಾದ, ಭಾರವಿಲ್ಲದ ನೆಲಕ್ಕೆ ಎತ್ತರದ ಮೂರನೇ ಒಂದರಲ್ಲಿ, ಇಲ್ಲಿ ಬುಡದಿಂದ 2 ಮೀಟರಿನಲ್ಲಿ, ಎಂದು ಹಿಡಿಯುವುದು ರೂಢಿ. ಅಂಕುಡೊಂಕು ನೆಲವಾದರೆ ಬೆಣೆಯ ಗುರುತ್ವ ಕೇಂದ್ರದಿಂದ ಸೀಳಿಗೆ ಸಮಾನಾಂತರವಾಗಿ ಗೆರೆ ಎಳೆದು, ಅದು ಬೆನ್ನನ್ನು ಮುಟ್ಟುವ ಜಾಗವನ್ನು ತೆಗೆದುಕೊಳ್ಳುತ್ತಾರೆ. ಭಾರತದ ರಸ್ತೆ ಸೇತುವೆಗಳ ಸಂಹಿತೆ ಇನ್ನಷ್ಟು ಜಾಗರೂಕ: ಒಣ ಮಣ್ಣಿಗೆ ಅದು ಎತ್ತರದ 0.42 ಪಾಲನ್ನು ಹಿಡಿಯಲು ಹೇಳುತ್ತದೆ. ಆಗ ಅದೇ 106 ಕಿಲೋನ್ಯೂಟನ್ ನಾಟುವುದು 2.5 ಮೀಟರಿನಲ್ಲಿ, ಗೋಡೆಯನ್ನು ಉರುಳಿಸುವ ಶಕ್ತಿ ಕಾಲು ಪಾಲು ಹೆಚ್ಚುತ್ತದೆ.

ಈ ಎಲ್ಲ ಅಂಕಿಗಳ ಹಿಂದೆ ಗೋಡೆ ತುಸು ಸರಿದಿದೆ ಎಂಬ ಒಪ್ಪಂದವಿದೆ. ಗಟ್ಟಿಯಾಗಿ ದಮ್ಮಸು ಮಾಡಿದ ಮರಳಿಗೆ ಎತ್ತರದ ಸಾವಿರದಲ್ಲೊಂದು ಪಾಲು, ಅಂದರೆ ಈ ಗೋಡೆಯ ತಲೆ 6 ಮಿಲಿಮೀಟರಿನಷ್ಟು ಹೊರಗೆ ವಾಲಿದರೆ ಸಾಕು; ಸಡಿಲ ಮರಳಿಗೆ ಅದರ ಕೆಲವು ಪಟ್ಟು ಬೇಕು. ನೆಲಮಾಳಿಗೆಯ ಗೋಡೆಯ ತಲೆಯನ್ನು ಮೇಲಿನ ಚಾವಣಿ ಬಿಗಿಹಿಡಿದಿರುತ್ತದೆ. ಅದು ಸರಿಯಲಾರದು, ಸೀಳೂ ಏಳದು. 6 ಮೀಟರಿನ ನೆಟ್ಟನೆಯ ಬೆನ್ನಿಗೆ ಇದೇ ಮರಳು ಆಗ 108ರ ಬದಲು 162 ಕಿಲೋನ್ಯೂಟನ್ ಒತ್ತುತ್ತದೆ. ಅಂಥ ಗೋಡೆಗೆ ಬೆಣೆಯ ಲೆಕ್ಕ ಹಾಕಲೇಬಾರದು.

ಸೀಳು ಬುಡದಿಂದ ಮೇಲ್ಮೈಯವರೆಗೆ ನೇರ ಗೆರೆಯಲ್ಲಿ ಸಾಗುತ್ತದೆ ಎಂಬುದೂ ಪೂರ್ತಿ ನಿಜವಲ್ಲ. ಗೋಡೆ ಒರಟಾಗಿದ್ದರೆ ಅದರ ಬುಡದ ಹತ್ತಿರ ಸೀಳು ಬಾಗುತ್ತದೆ. ಮಣ್ಣು ಗೋಡೆಯನ್ನು ತಳ್ಳುವ ಲೆಕ್ಕದಲ್ಲಿ ಇದರಿಂದಾಗುವ ತಪ್ಪು ನೂರಕ್ಕೆ ಕೆಲವೇ ಅಂಶ, ಆದ್ದರಿಂದ ನೇರ ಗೆರೆಯನ್ನು ನೆಮ್ಮದಿಯಿಂದ ಬಳಸಬಹುದು. ಗೋಡೆಯೇ ಮಣ್ಣನ್ನು ಒಳಕ್ಕೆ ತಳ್ಳುವಾಗ ಮಾತು ಬೇರೆ. ಅಲ್ಲಿ ಹುಡುಕುವುದು ಅತಿ ಕಡಿಮೆ ತಡೆಯನ್ನು. ಗೋಡೆಯ ಘರ್ಷಣೆಯ ಕೋನ ಮರಳಿನ ಕೋನದ ಮೂರನೇ ಒಂದನ್ನು ದಾಟಿದರೆ ನೇರ ಗೆರೆ ಮಣ್ಣಿಗೆ ಇಲ್ಲದ ಬಲವನ್ನು ಇದೆಯೆಂದು ತೋರಿಸುತ್ತದೆ. ಆ ಲೆಕ್ಕಕ್ಕೆ ಸುರುಳಿಯಾಕಾರದ ಬಾಗಿದ ಸೀಳನ್ನು ಹಿಡಿದೇ ಊಹೆ ಮಾಡಬೇಕು.