ಗುಂಪು ಎಣಿಸುವಾಗ ಒಂದು ಹೆಚ್ಚಾಗುವುದು ಏಕೆ?

ಎಂಟು ಊರುಗಳಿವೆ, ಅವುಗಳ ನಡುವೆ ಕೆಲವು ರಸ್ತೆಗಳಿವೆ. ರಸ್ತೆ ಹಿಡಿದು ಒಂದರಿಂದ ಇನ್ನೊಂದಕ್ಕೆ ಹೋಗಬಹುದಾದ ಊರುಗಳನ್ನೆಲ್ಲ ಒಂದು ಗುಂಪು ಎಂದುಕೊಂಡರೆ ಒಟ್ಟು ಎಷ್ಟು ಗುಂಪುಗಳಾಗುತ್ತವೆ? ಕಂಪ್ಯೂಟರ್ ಸೈನ್ಸ್ ಓದುವ ಮಕ್ಕಳಿಗೆ ಇದೇ ಪ್ರಶ್ನೆ ಗ್ರಾಫ್ ಅಸೈನ್‌ಮೆಂಟ್ ಆಗಿ ಬರುತ್ತದೆ. ಊರು ಅಲ್ಲಿ ನೋಡ್, ರಸ್ತೆ ಎಡ್ಜ್, ಗುಂಪು ಕನೆಕ್ಟೆಡ್ ಕಾಂಪೊನೆಂಟ್. ಉತ್ತರಕ್ಕೆ ಹಲವು ದಾರಿಗಳಿವೆ. ಎಡ್ಜ್‌ಗಳು ಒಂದೊಂದಾಗಿ ಬರುತ್ತಿದ್ದು, ಪ್ರತಿ ಸಲವೂ ಗುಂಪುಗಳ ಲೆಕ್ಕ ಬೇಕೆಂದರೆ ಯೂನಿಯನ್-ಫೈಂಡ್‌ನಷ್ಟು ಹಗುರವಾದದ್ದು ಸಿಗುವುದು ಕಷ್ಟ. 1964ರಲ್ಲಿ ಬರ್ನಾರ್ಡ್ ಗ್ಯಾಲರ್ ಮತ್ತು ಮೈಕೆಲ್ ಫಿಷರ್ ಪ್ರಕಟಿಸಿದ ವಿಧಾನ ಇದು.

ಇದಕ್ಕೆ ಬೇಕಾಗುವುದು `parent` ಎಂಬ ಒಂದೇ ಪಟ್ಟಿ. ಪ್ರತಿ ನೋಡ್ ತನಗಿಂತ ಮೇಲಿನ ಒಂದು ನೋಡ್‌ನ ಹೆಸರನ್ನು ಮಾತ್ರ ನೆನಪಿಟ್ಟುಕೊಳ್ಳುತ್ತದೆ. ತನ್ನ ಹೆಸರನ್ನೇ ಬರೆದುಕೊಂಡಿರುವ ನೋಡ್ ಆ ಗುಂಪಿನ ರೂಟ್. ಆರಂಭದಲ್ಲಿ ಎಲ್ಲರೂ ತಂತಮ್ಮ ರೂಟ್, ಹಾಗಾಗಿ ನೋಡ್‌ಗಳಷ್ಟೇ ಗುಂಪುಗಳು. ಒಂದು ಎಡ್ಜ್ ಬಂದಾಗ ಅದರ ಎರಡೂ ತುದಿಗಳ ರೂಟ್ ಹುಡುಕಬೇಕು. ರೂಟ್ ಬೇರೆ ಬೇರೆಯಾಗಿದ್ದರೆ ಒಂದನ್ನು ಇನ್ನೊಂದರ ಕೆಳಗೆ ಸೇರಿಸಿ ಲೆಕ್ಕದಿಂದ ಒಂದು ಕಳೆಯಬೇಕು. ಒಂದೇ ಆಗಿದ್ದರೆ ಏನೂ ಮಾಡಬಾರದು.

```python
def find(x):
    if parent[x] != x:
        parent[x] = find(parent[x])
    return parent[x]

def union(a, b):
    global count
    ra, rb = find(a), find(b)
    if ra != rb:
        parent[ra] = rb
        count -= 1
```

`find` ಒಳಗಿನ `parent[x] = find(parent[x])` ಎಂಬ ಸಾಲೇ ಪಾತ್ ಕಂಪ್ರೆಷನ್. ರೂಟ್ ಹುಡುಕಿಕೊಂಡು ಮೇಲಕ್ಕೆ ಹೋದ ದಾರಿಯಲ್ಲಿ ಸಿಕ್ಕ ಎಲ್ಲ ನೋಡ್‌ಗಳನ್ನೂ ಅದು ನೇರವಾಗಿ ರೂಟ್‌ಗೇ ಕಟ್ಟಿಬಿಡುತ್ತದೆ. ಮುಂದಿನ ಸಲ ಅದೇ ಪ್ರಶ್ನೆ ಬಂದರೆ ಒಂದೇ ಹೆಜ್ಜೆಯಲ್ಲಿ ಉತ್ತರ ಸಿಗುತ್ತದೆ.

ನಮ್ಮ ಎಂಟು ನೋಡ್‌ಗಳಿಗೆ 0ಯಿಂದ 7ರವರೆಗೆ ಸಂಖ್ಯೆ ಕೊಡೋಣ. ಎಡ್ಜ್‌ಗಳು ಈ ಕ್ರಮದಲ್ಲಿ ಬರಲಿ: 0-1, 2-3, 4-5, 1-3, 5-6, 0-2. ಮೊದಲ ಮೂರು ಎಡ್ಜ್‌ಗಳಿಂದ 0 ಹೋಗಿ 1ರ ಕೆಳಗೆ, 2 ಹೋಗಿ 3ರ ಕೆಳಗೆ, 4 ಹೋಗಿ 5ರ ಕೆಳಗೆ ಸೇರುತ್ತವೆ. ಲೆಕ್ಕ ಎಂಟರಿಂದ ಐದಕ್ಕೆ ಇಳಿಯುತ್ತದೆ. 1-3 ಬಂದಾಗ 1 ಹೋಗಿ 3ರ ಕೆಳಗೆ ಕೂರುತ್ತದೆ, ಲೆಕ್ಕ ನಾಲ್ಕು. 5-6 ಬಂದಾಗ 5 ಹೋಗಿ 6ರ ಕೆಳಗೆ, ಲೆಕ್ಕ ಮೂರು. ಕೊನೆಯ 0-2 ಸ್ವಲ್ಪ ಬೇರೆ. 0ಯ ರೂಟ್ ಹುಡುಕಲು 1ಕ್ಕೆ, ಅಲ್ಲಿಂದ 3ಕ್ಕೆ ಹತ್ತಬೇಕು. ಹತ್ತಿದ್ದಕ್ಕೆ ಪ್ರತಿಫಲವಾಗಿ 0 ಇನ್ನು ನೇರ 3ರ ಕೆಳಗೆ. 2ರ ರೂಟ್ ಕೂಡ 3. ಎರಡೂ ಆಗಲೇ ಒಂದೇ ಗುಂಪಿನಲ್ಲಿವೆ, ಲೆಕ್ಕ ಇಳಿಯುವುದಿಲ್ಲ. ಉತ್ತರ ಮೂರು: 0, 1, 2, 3 ಒಂದು ಗುಂಪು, 4, 5, 6 ಇನ್ನೊಂದು, ಯಾವ ರಸ್ತೆಯೂ ಇಲ್ಲದ 7 ತಾನೇ ಒಂದು ಗುಂಪು.

ಈಗ `parent` ಪಟ್ಟಿ ಹೀಗಿರುತ್ತದೆ:

```
[3, 3, 3, 3, 5, 6, 6, 7]
```

`count` ಇಟ್ಟುಕೊಳ್ಳದೆ, ಕೊನೆಯಲ್ಲಿ ಈ ಪಟ್ಟಿಯಲ್ಲಿ ಎಷ್ಟು ಬಗೆಯ ಸಂಖ್ಯೆಗಳಿವೆ ಎಂದು `len(set(parent))` ಬರೆದು ಎಣಿಸುವವರು ಬಹಳ. ಇಲ್ಲಿರುವುದು 3, 5, 6, 7. ಉತ್ತರ ನಾಲ್ಕು ಎಂದು ಬರುತ್ತದೆ, ಒಂದು ಹೆಚ್ಚು. ಪಾತ್ ಕಂಪ್ರೆಷನ್ ಹಾಕಿದ ಮೇಲೆ ಎಲ್ಲ ನೋಡ್‌ಗಳೂ ನೇರ ರೂಟ್‌ಗೇ ಅಂಟಿಕೊಂಡಿರುತ್ತವೆ ಎಂಬ ನಂಬಿಕೆಯಿಂದ ಬರುವ ತಪ್ಪು ಇದು. ಅದು ಹಾಗೆ ಕೆಲಸ ಮಾಡುವುದಿಲ್ಲ. ಯಾರ ಬಗ್ಗೆ ಕೇಳಿದೆವೋ ಅವರ ದಾರಿಯನ್ನಷ್ಟೇ ಅದು ಚಿಕ್ಕದು ಮಾಡುತ್ತದೆ. 5 ಹೋಗಿ 6ರ ಕೆಳಗೆ ಸೇರಿದ ಮೇಲೆ 4ರ ಬಗ್ಗೆ ಯಾರೂ ವಿಚಾರಿಸಲೇ ಇಲ್ಲ. ಅದು ಇನ್ನೂ 5ನ್ನೇ ತೋರಿಸುತ್ತಿದೆ.

ಈ ತಪ್ಪು ಕೆಲವು ಟೆಸ್ಟ್ ಕೇಸ್‌ಗಳಲ್ಲಿ ಸಿಕ್ಕಿಬೀಳುವುದಿಲ್ಲ ಎನ್ನುವುದೇ ತೊಂದರೆ. ಕೊನೆಯಲ್ಲಿ 4-6 ಎಂಬ ಎಡ್ಜ್ ಕೂಡ ಇದ್ದಿದ್ದರೆ 4 ಕೂಡ 6ಕ್ಕೇ ಅಂಟಿಕೊಂಡು ಉತ್ತರ ಸರಿಯಾಗಿಯೇ ಬರುತ್ತಿತ್ತು. ಹಾಗಾಗಿ ಎಣಿಸಬೇಕಾದದ್ದು `parent[i] == i` ಆಗಿರುವ ನೋಡ್‌ಗಳನ್ನು. ಇಲ್ಲಿ ಅವು 3, 6, 7, ಮೂರೇ. `count` ಕೂಡ ಇಟ್ಟುಕೊಂಡು ಎರಡನ್ನೂ ತಾಳೆ ನೋಡುವುದು ನನಗೆ ಇಷ್ಟವಾದ ಪರೀಕ್ಷೆ. ಎರಡು ಸಂಖ್ಯೆಗಳು ಬೇರೆ ಬಂದರೆ, `if` ಒಳಗಿರಬೇಕಾದ ಕಳೆಯುವ ಸಾಲು ಹೊರಗೆ ಬಿದ್ದಿದೆಯೇ ಎಂದು ಮೊದಲು ನೋಡಬೇಕು.

ಈ ತಾಳೆಯಲ್ಲೂ ಕೆಲವೊಮ್ಮೆ ಸಿಗದ ಒಂದು ತಪ್ಪಿದೆ. ಕೆಲವರು `parent[ra] = rb` ಎನ್ನುವ ಬದಲು `parent[a] = b` ಎಂದು ಬರೆದು, ಗುಂಪುಗಳನ್ನು ಕೂಡಿಸುವ ಜಾಗದಲ್ಲಿ ಬರೀ ನೋಡ್ ಒಂದನ್ನು ಸರಿಸಿಬಿಡುತ್ತಾರೆ. ಮೂರೇ ನೋಡ್, 0-1 ಮತ್ತು 0-2 ಎಂಬ ಎರಡು ಎಡ್ಜ್ ಇಟ್ಟುಕೊಂಡು ನೋಡಿ. ಮೊದಲು 0 ಹೋಗಿ 1ರ ಕೆಳಗೆ ಸೇರಿತು. ಆಮೇಲೆ ಅದೇ 0 ಅಲ್ಲಿಂದ ಎದ್ದು 2ರ ಕೆಳಗೆ ಹೋಯಿತು. 1 ಒಂಟಿಯಾಗಿ ಉಳಿಯಿತು. ಆದರೆ `count` ಎರಡು ಸಲ ಕಳೆದು ಒಂದು ಎನ್ನುತ್ತದೆ, ರೂಟ್ ಎಣಿಸಿದರೆ ಎರಡು ಬರುತ್ತವೆ. ಇಲ್ಲಿ ಸರಿ ಹೇಳಿದ್ದು `count`, ಕೆಟ್ಟಿರುವುದು ಪಟ್ಟಿ. ಮುಂದಿನ ಎಡ್ಜ್‌ಗಳು ಬಂದಂತೆ `count` ಕೂಡ ದಾರಿ ತಪ್ಪುತ್ತದೆ. ಕೆಲವು ಕ್ರಮಗಳಲ್ಲಿ ಎರಡೂ ಕಾಕತಾಳೀಯವಾಗಿ ಹೊಂದಿಕೊಂಡುಬಿಡುತ್ತವೆ, ನಮ್ಮ ಎಂಟು ಊರುಗಳ ಉದಾಹರಣೆಯಲ್ಲೂ ರೂಟ್‌ಗಳ ಸಂಖ್ಯೆ ಮೂರೇ ಬರುತ್ತದೆ. ಅದಕ್ಕೇ ಒಂದೇ ಗ್ರಾಫ್‌ನ ಎಡ್ಜ್‌ಗಳನ್ನು ಕಲಸಿ ಬೇರೆ ಬೇರೆ ಕ್ರಮದಲ್ಲಿ ಕೊಟ್ಟು ನೋಡಬೇಕು. ಕ್ರಮ ಬದಲಾದರೆ ಗುಂಪುಗಳ ಸಂಖ್ಯೆ ಬದಲಾಗಕೂಡದು.

ಇನ್ನು ವೇಗದ ಮಾತು. ಒಂದು ಲಕ್ಷ ನೋಡ್‌ಗಳಿದ್ದು, 0-1, 0-2, 0-3 ಎಂದು 0ಗೆ ಎಲ್ಲರ ಜೊತೆಗೂ ಎಡ್ಜ್ ಇದೆ ಎನ್ನಿ. ಪಾತ್ ಕಂಪ್ರೆಷನ್ ಇಲ್ಲದಿದ್ದರೆ 0, 1ರ ಕೆಳಗೆ, 1, 2ರ ಕೆಳಗೆ, 2, 3ರ ಕೆಳಗೆ ಎಂದು ಉದ್ದನೆಯ ಸರಪಳಿ ಬೆಳೆಯುತ್ತದೆ. ಪ್ರತಿ ಎಡ್ಜ್‌ಗೂ 0 ಅಷ್ಟುದ್ದವನ್ನೂ ಹತ್ತಬೇಕು. ಒಟ್ಟು ಸುಮಾರು 500 ಕೋಟಿ ಹೆಜ್ಜೆಗಳು. ಪಾತ್ ಕಂಪ್ರೆಷನ್ ಇದ್ದರೆ 0 ಪ್ರತಿ ಸಲವೂ ಎರಡೇ ಹೆಜ್ಜೆಯಲ್ಲಿ ತುದಿ ಮುಟ್ಟುತ್ತದೆ.

ಆದರೆ ಇಲ್ಲೂ ಕೇಳದವರ ದಾರಿ ಹಾಗೇ ಉಳಿಯುತ್ತದೆ. 1ರಿಂದ ಮೇಲಕ್ಕೆ ಹೋಗುವ ಸರಪಳಿಯನ್ನು ಯಾರೂ ಮುಟ್ಟಿಲ್ಲ. ಎಲ್ಲ ಎಡ್ಜ್ ಮುಗಿದ ಮೇಲೆ `find(1)` ಎಂದು ಕೇಳಿದರೆ ಫಂಕ್ಷನ್ ತನ್ನನ್ನೇ ತಾನು ಹೆಚ್ಚು ಕಡಿಮೆ ಲಕ್ಷ ಸಲ ಕರೆಯಬೇಕಾಗುತ್ತದೆ. ಪೈಥಾನ್ ಸಾಮಾನ್ಯವಾಗಿ ಇಟ್ಟಿರುವ ಮಿತಿ 1000. ಪ್ರೋಗ್ರಾಂ `RecursionError` ಎಂದು ನಿಂತುಬಿಡುತ್ತದೆ.

ಇದಕ್ಕೆ ಮದ್ದು ಗುಂಪುಗಳ ಗಾತ್ರ ನೋಡಿ ಕೂಡಿಸುವುದು. ಪ್ರತಿ ರೂಟ್ ತನ್ನ ಗುಂಪಿನಲ್ಲಿ ಎಷ್ಟು ಮಂದಿ ಎಂದು ಬರೆದಿಟ್ಟುಕೊಳ್ಳುತ್ತದೆ, ಚಿಕ್ಕ ಗುಂಪು ಯಾವಾಗಲೂ ದೊಡ್ಡದರ ಕೆಳಗೆ ಸೇರುತ್ತದೆ. ಒಂದು ನೋಡ್ ರೂಟ್‌ನಿಂದ ಒಂದು ಮೆಟ್ಟಿಲು ದೂರವಾಗಬೇಕಾದರೆ ಅದರ ಗುಂಪು ಕನಿಷ್ಠ ಎರಡು ಪಟ್ಟಾಗಿರಲೇಬೇಕು. ಎರಡು ಪಟ್ಟಾಗುತ್ತಾ ಹೋಗುವ ಗುಂಪಿಗೆ ಒಂದು ಲಕ್ಷದ ಒಳಗೆ ಹದಿನಾರಕ್ಕಿಂತ ಹೆಚ್ಚು ಸಲ ಅವಕಾಶವಿಲ್ಲ, ಆದ್ದರಿಂದ ದಾರಿ ಹದಿನಾರು ಹೆಜ್ಜೆ ಮೀರುವುದಿಲ್ಲ. ಈ ಎರಡು ಉಪಾಯಗಳು ಜೊತೆಯಾದರೆ ಒಂದೊಂದು ಕೆಲಸಕ್ಕೆ ತಗಲುವ ಸರಾಸರಿ ಖರ್ಚು ಬಳಕೆಯಲ್ಲಿ ಬದಲಾಗದಷ್ಟು ನಿಧಾನವಾಗಿ ಬೆಳೆಯುತ್ತದೆ ಎಂದು ರಾಬರ್ಟ್ ಟಾರ್ಜನ್ 1975ರಲ್ಲಿ ಸಾಧಿಸಿ ತೋರಿಸಿದರು.

ಯೂನಿಯನ್-ಫೈಂಡ್‌ಗೆ ಕೂಡಿಸುವುದು ಗೊತ್ತು, ಬಿಡಿಸುವುದು ಗೊತ್ತಿಲ್ಲ. ದಾರಿ ಚಿಕ್ಕದು ಮಾಡುವಾಗ ಯಾವ ಎಡ್ಜ್‌ನಿಂದ ಯಾರು ಸೇರಿದ್ದರು ಎಂಬ ಗುರುತು ಅಳಿಸಿಹೋಗಿರುತ್ತದೆ. ಅಸೈನ್‌ಮೆಂಟ್‌ನ ಮುಂದಿನ ಭಾಗದಲ್ಲಿ ರಸ್ತೆಗಳನ್ನು ಒಂದೊಂದಾಗಿ ಕಿತ್ತುಹಾಕಿ ಪ್ರತಿ ಸಲವೂ ಗುಂಪು ಎಣಿಸಲು ಹೇಳಿದ್ದರೆ, ಕೀಳುವ ಪಟ್ಟಿ ಪೂರ್ತಿ ಮೊದಲೇ ಕೈಯಲ್ಲಿದ್ದರೆ, ಅದನ್ನು ಹಿಂದುಮುಂದಾಗಿ ಓದಬೇಕು. ಎಲ್ಲವನ್ನೂ ಕಿತ್ತ ಮೇಲೆ ಉಳಿಯುವ ಗ್ರಾಫ್‌ನಿಂದ ಆರಂಭಿಸಿ, ಕೊನೆಗೆ ಕಿತ್ತ ರಸ್ತೆಯನ್ನು ಮೊದಲು ಸೇರಿಸುತ್ತಾ ಬಂದರೆ ಕೀಳುವ ಕೆಲಸ ಕೂಡಿಸುವ ಕೆಲಸವಾಗುತ್ತದೆ. ಪ್ರತಿ ರಸ್ತೆ ಸೇರಿಸುವ ಮುಂಚೆ `count` ಎಷ್ಟಿತ್ತೋ ಅದೇ, ಆ ರಸ್ತೆ ಕಿತ್ತ ನಂತರದ ಉತ್ತರ.