ರಾತ್ರಿ ಎರಡು ಗಂಟೆಯ ಅಂಕ

ನಮ್ಮ ಯಾವ ಊರಿನ ಆಸ್ಪತ್ರೆಯಲ್ಲಾದರೂ ಕಾಣಸಿಗುವಂಥ ಒಬ್ಬ ರೋಗಿಯನ್ನು ನೆನೆಸಿಕೊಳ್ಳಿ. ವಯಸ್ಸು 76. ಹೃದಯದ ತೊಂದರೆಯಿಂದ ಕಾಲು ಊದಿಕೊಂಡು, ಉಸಿರು ಕಟ್ಟಿ ದಾಖಲಾದವರು. ಸಕ್ಕರೆ ಕಾಯಿಲೆಯೂ ಇದೆ. ಎರಡನೇ ದಿನದ ಹೊತ್ತಿಗೆ ಉಸಿರಾಟ ಸುಧಾರಿಸಿದೆ. ಇಂಜೆಕ್ಷನ್ನಿಗೆಂದು ಕೈಗೆ ಹಾಕಿದ ಕ್ಯಾನುಲಾ ಹಾಗೇ ಇದೆ. ಊದು ಇಳಿಸುವ ಲ್ಯಾಸಿಕ್ಸ್ ಮಾತ್ರೆ ಬೆಳಿಗ್ಗೆ ಎಂಟಕ್ಕೆ, ರಾತ್ರಿ ಎಂಟಕ್ಕೆ. ಮನೆಯಲ್ಲಿ ವರ್ಷಗಳಿಂದ ರೂಢಿಯಾದ ಅಲ್ಪ್ರಜೋಲಾಮ್ ನಿದ್ದೆ ಮಾತ್ರೆ ರಾತ್ರಿ ಒಂಬತ್ತೂವರೆಗೆ.

ಸಂಜೆ ನಾಲ್ಕಕ್ಕೆ ನರ್ಸ್ ಬಂದು ಬೀಳುವ ಅಪಾಯದ ಫಾರಂ ತುಂಬುತ್ತಾರೆ. ಹಲವು ಆಸ್ಪತ್ರೆಗಳಲ್ಲಿ ಬಳಕೆಯಲ್ಲಿರುವುದು ನರ್ಸಿಂಗ್ ಸಂಶೋಧಕಿ ಜಾನಿಸ್ ಮೋರ್ಸ್ 1980ರ ದಶಕದಲ್ಲಿ ರೂಪಿಸಿದ ಅಳತೆ. ಅದರಲ್ಲಿ ಆರೇ ಪ್ರಶ್ನೆ. ಒಂದಕ್ಕಿಂತ ಹೆಚ್ಚು ಕಾಯಿಲೆಗೆ 15 ಅಂಕ, ಕೈಯಲ್ಲಿರುವ ಕ್ಯಾನುಲಾಕ್ಕೆ 20. ಅಜ್ಜಿ ಕೋಲಿಲ್ಲದೆ ನೆಟ್ಟಗೆ ನಡೆಯುತ್ತಾರೆ, ಪ್ರಜ್ಞೆ ಚೆನ್ನಾಗಿದೆ. ಅವೆರಡಕ್ಕೂ ಸೊನ್ನೆ. ಈಚೆಗೆ ಬಿದ್ದಿದ್ದಾರೆಯೇ ಎಂಬುದು ಉಳಿದಿದೆ.

"ಅಜ್ಜಿ, ಈ ಮೂರು ತಿಂಗಳಲ್ಲಿ ಎಲ್ಲಾದರೂ ಬಿದ್ದಿದ್ರಾ?"

"ಇಲ್ಲಮ್ಮ, ದೇವರ ದಯೆ."

ಪಕ್ಕದಲ್ಲಿದ್ದ ಮಗಳು ಬಾಯಿ ಹಾಕುತ್ತಾಳೆ: "ಅಲ್ಲಮ್ಮ, ಹೋದ ತಿಂಗಳು ಬಚ್ಚಲಲ್ಲಿ ಜಾರಿ ಕೂತುಬಿಟ್ಟಿದ್ಯಲ್ಲ?"

"ಅದೇನು ಬಿದ್ದಿದ್ದಾ? ಕಾಲು ಜಾರಿತು ಅಷ್ಟೆ."

ಆ ಒಂದು ಮಾತಿಗೆ 25 ಅಂಕ. 35 ಇದ್ದದ್ದು 60 ಆಯಿತು. 45 ಮುಟ್ಟಿದರೆ ಹೆಚ್ಚಿನ ಅಪಾಯ ಎಂದು ಸಾಮಾನ್ಯವಾಗಿ ಎಣಿಸುತ್ತಾರೆ. ಮಗಳು ಆ ಹೊತ್ತಿಗೆ ಕ್ಯಾಂಟೀನಿಗೆ ಹೋಗಿದ್ದರೆ ಅಜ್ಜಿ ಮಧ್ಯಮ ಅಪಾಯದ ಪಟ್ಟಿಯಲ್ಲೇ ಉಳಿಯುತ್ತಿದ್ದರು. ಹೆಚ್ಚಿನ ಹಿರಿಯರು ಬಿದ್ದದ್ದನ್ನು ಒಪ್ಪಿಕೊಳ್ಳುವುದಿಲ್ಲ. ಅದಕ್ಕೇ ಅನುಭವವಿರುವ ನರ್ಸ್‌ಗಳು "ಜಾರಿದ್ರಾ, ಎಡವಿದ್ರಾ, ಗೋಡೆ ಹಿಡಿದು ಸಾವರಿಸಿಕೊಂಡಿದ್ರಾ" ಎಂದು ಬಿಡಿಸಿ ಕೇಳುತ್ತಾರೆ.

ಇಷ್ಟಾದರೂ ಈ ಫಾರಂನಲ್ಲಿ ಒಂದು ದೊಡ್ಡ ಕೊರತೆ ಇದೆ. ನಿದ್ದೆ ಮಾತ್ರೆಗೆ ಅದರಲ್ಲಿ ಜಾಗವೇ ಇಲ್ಲ. ಮಾತ್ರೆಯ ಪರಿಣಾಮ ನಡಿಗೆಯಲ್ಲಿ, ತಿಳಿವಳಿಕೆಯಲ್ಲಿ ಕಂಡರಷ್ಟೇ ಅಂಕವಾಗಿ ಸೇರುತ್ತದೆ. ಸಂಜೆ ನಾಲ್ಕಕ್ಕೆ ಅದು ಕಾಣುವುದಾದರೂ ಹೇಗೆ? ಅದೇ ಅಜ್ಜಿಯನ್ನು ರಾತ್ರಿ ಎರಡಕ್ಕೆ ನೋಡಬೇಕು. ಅಲ್ಪ್ರಜೋಲಾಮ್ ನುಂಗಿದ ಒಂದೆರಡು ಗಂಟೆಯಲ್ಲಿ ರಕ್ತದಲ್ಲಿ ಉತ್ತುಂಗಕ್ಕೇರುತ್ತದೆ. ವಯಸ್ಸಾದವರಲ್ಲಿ ಅದರ ಅರ್ಧ ಭಾಗ ಇಳಿಯಲು ಸುಮಾರು 16 ಗಂಟೆ ಬೇಕಾಗುತ್ತದೆ. ಎಂಟಕ್ಕೆ ನುಂಗಿದ ಲ್ಯಾಸಿಕ್ಸ್ ಆರೆಂಟು ಗಂಟೆ ಕೆಲಸ ಮಾಡುತ್ತದೆ. ಹೀಗೆ ತುಂಬಿದ ಮೂತ್ರಕೋಶವೂ ಮಂಪರಾದ ಮೆದುಳೂ ನಡುರಾತ್ರಿಯಲ್ಲಿ ಒಟ್ಟಿಗೆ ಸೇರುತ್ತವೆ. ಆಗ ಕಾಲು ಎಳೆಯುತ್ತಾ ತೂರಾಡುವ ನಡಿಗೆಗೆ 20, ತನ್ನಿಂದ ಒಬ್ಬಳೇ ಎದ್ದು ಹೋಗಲಾಗದು ಎಂಬುದನ್ನು ಮರೆಯುವುದಕ್ಕೆ 15. ಒಟ್ಟು 95. ಒಂದೇ ರೋಗಿ, ಒಂದೇ ದಿನ, ಆದರೆ ಅಂಕದಲ್ಲಿ ಅಜಗಜಾಂತರ. ನಿದ್ದೆ ಮಾತ್ರೆ ಶುರುವಾದಾಗ, ಪ್ರಮಾಣ ಬದಲಾದಾಗ ಮತ್ತು ಮಾತ್ರೆ ಕೊಟ್ಟ ಮೊದಲ ರಾತ್ರಿ ಮತ್ತೆ ಅಳೆಯಲೇಬೇಕು ಎನ್ನುವುದು ಇದಕ್ಕಾಗಿ.

ಆರೈಕೆಯ ಯೋಜನೆಯನ್ನೂ ಗಡಿಯಾರಕ್ಕೆ ತಕ್ಕಂತೆ ಹೆಣೆಯಬೇಕಾಗುತ್ತದೆ. ಈ ಅಜ್ಜಿಯ ವಿಷಯದಲ್ಲಿ ಮೊದಲ ಬದಲಾವಣೆ ಔಷಧಿ ಚೀಟಿಯಲ್ಲೇ ಆಗುತ್ತದೆ. ನರ್ಸ್ ಹೇಳಿದ ಮೇಲೆ ವೈದ್ಯರು ಲ್ಯಾಸಿಕ್ಸಿನ ಎರಡನೇ ಡೋಸನ್ನು ಮಧ್ಯಾಹ್ನ ಎರಡಕ್ಕೆ ಸರಿಸುತ್ತಾರೆ. ಅಲ್ಪ್ರಜೋಲಾಮನ್ನು ಮಾತ್ರ ಒಮ್ಮೆಲೇ ನಿಲ್ಲಿಸುವಂತಿಲ್ಲ. ವರ್ಷಗಳಿಂದ ತೆಗೆದುಕೊಳ್ಳುತ್ತಿರುವವರಲ್ಲಿ ಅದನ್ನು ಏಕಾಏಕಿ ಬಿಡಿಸಿದರೆ ಗಾಬರಿ, ನಡುಕ, ಕೆಲವೊಮ್ಮೆ ಫಿಟ್ಸ್ ಕೂಡ ಬರಬಹುದು. ವಾರಗಟ್ಟಲೆ ಸ್ವಲ್ಪ ಸ್ವಲ್ಪವಾಗಿ ಇಳಿಸಬೇಕು. ಸದ್ಯಕ್ಕೆ ಅದರ ಮೇಲೆ ಇನ್ನೊಂದು ಮಂಪರು ಬೀಳದಂತೆ ನೋಡಿಕೊಳ್ಳುವುದೇ ಕೆಲಸ. ತುರಿಕೆಗೆಂದು ಕೊಡುವ ಏವಿಲ್ ಇಂಜೆಕ್ಷನ್ ಕೂಡ ಮಂಪರು ತರಿಸುತ್ತದೆ. ಮನೆಯವರು ಪರ್ಸಿನಲ್ಲಿಟ್ಟುಕೊಂಡ ಸ್ಟ್ರಿಪ್ಪಿನಿಂದ ತಾವೇ ಒಂದು ಮಾತ್ರೆ ಕೊಟ್ಟು, ವಾರ್ಡಿನವರೂ ಒಂದು ಕೊಟ್ಟರೆ ಡೋಸ್ ಎರಡಾಗುತ್ತದೆ.

ಒಂಬತ್ತಕ್ಕೆ ಅಜ್ಜಿಯನ್ನು ಬಾತ್‌ರೂಮಿಗೆ ಕರೆದೊಯ್ದು ಬರುತ್ತಾರೆ. ಆಮೇಲಷ್ಟೇ, ಮಂಚದ ಮೇಲೆ ಕೂತ ನಂತರ, ಮಾತ್ರೆ. ಮಂಚವನ್ನು ಪೂರ್ತಿ ತಗ್ಗಿಸಿ ಚಕ್ರದ ಬ್ರೇಕ್ ಹಾಕುತ್ತಾರೆ. ಕರೆಗಂಟೆಯನ್ನು ಕ್ಯಾನುಲಾ ಇಲ್ಲದ ಕೈಯ ಕಡೆಗಿಟ್ಟು, ಅಜ್ಜಿಯಿಂದಲೇ ಒಮ್ಮೆ ಒತ್ತಿಸಿ ನೋಡುತ್ತಾರೆ. ಕಾಲಿಗೆ ತೊಡರುವ ಸೀರೆಯ ಬದಲು ಪಾದ ಮುಟ್ಟದ ನೈಟಿ, ಹಿಂದೆ ಪಟ್ಟಿ ಇರುವ ಚಪ್ಪಲಿ, ಬಾತ್‌ರೂಮಿನ ದಾರಿಯಲ್ಲಿ ಸಣ್ಣ ದೀಪ. ಒಂದು ಗಂಟೆಗೊಮ್ಮೆ, ಬೆಳಗಿನ ಐದಕ್ಕೊಮ್ಮೆ ನರ್ಸ್ ತಾವಾಗಿಯೇ ಬಂದು ಬಾತ್‌ರೂಮಿಗೆ ಹೋಗಬೇಕೇ ಎಂದು ಕೇಳುತ್ತಾರೆ. ಕರೆಯಲಿ ಎಂದು ಕಾಯುವಂತಿಲ್ಲ, ಏಕೆಂದರೆ ಇಂಥ ಅಜ್ಜಿಯರು ಕರೆಯುವುದೇ ಇಲ್ಲ. ಮಗಳು ಕೆಳಗೆ ಚಾಪೆಯ ಮೇಲೆ ಮಲಗಿದ್ದಾಳೆ. ಹಗಲೆಲ್ಲ ದಣಿದವಳನ್ನು ಎಬ್ಬಿಸುವುದೇಕೆ ಎಂದು ತಾವೇ ಮೆಲ್ಲಗೆ ಕಾಲಿಳಿಸುತ್ತಾರೆ. ಅದಕ್ಕೇ ಮಗಳ ಎದುರೇ ಅಜ್ಜಿಗೆ ಹೇಳಬೇಕು: "ನೀವು ಎಬ್ಬಿಸಿದರೆ ಇವರಿಗೆ ಐದು ನಿಮಿಷದ ನಿದ್ದೆ ಹೋಗುತ್ತೆ, ಬಿದ್ದರೆ ಆರು ತಿಂಗಳ ನಿದ್ದೆ ಹೋಗುತ್ತೆ."

ರೋಗಿಯನ್ನೂ ಮನೆಯವರನ್ನೂ ಹೀಗೆ ಸೇರಿಸಿಕೊಳ್ಳುವುದರಿಂದ ಲಾಭವಿದೆ ಎಂಬುದಕ್ಕೆ ಪುರಾವೆ ಇದೆ. ಅಮೆರಿಕದಲ್ಲಿ ಪೆಟ್ರೀಷಿಯಾ ಡೈಕ್ಸ್ ತಂಡ ರೋಗಿಯ ಅಪಾಯಗಳನ್ನೂ ಅದಕ್ಕೆ ತಕ್ಕ ಕ್ರಮಗಳನ್ನೂ ಒಂದು ಹಾಳೆಯಲ್ಲಿ ಚಿತ್ರಗಳೊಂದಿಗೆ ಮಂಚದ ಬಳಿ ತೂಗುಹಾಕಿತು. ಹಾಳೆಯನ್ನು ರೋಗಿಯೊಂದಿಗೆ ಕೂತೇ ತುಂಬಬೇಕಿತ್ತು. 2020ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ಬೀಳುವುದು 15%, ಬಿದ್ದು ಗಾಯವಾಗುವುದು 34% ಕಡಿಮೆಯಾಗಿತ್ತು. ಮಂಚದಿಂದ ಎದ್ದರೆ ಕೂಗುವ ಅಲಾರಂ ಬಗ್ಗೆ ಅಲ್ಲೇ ನಡೆದು 2012ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನದಲ್ಲಿ ಅಂಥ ಪ್ರಯೋಜನ ಕಾಣಲಿಲ್ಲ. ಮಂಚದ ಸುತ್ತ ಕಟಕಟೆ ಏರಿಸುವುದನ್ನೂ ನಂಬಿ ಕೂರುವಂತಿಲ್ಲ. ಮಂಪರಿನಲ್ಲಿರುವವರು ಅದನ್ನು ಹತ್ತಿ ದಾಟಲು ಹೋಗಿ ಇನ್ನೂ ಎತ್ತರದಿಂದ ಬೀಳುತ್ತಾರೆ.

ಬೆಳಿಗ್ಗೆಯೂ ಅಪಾಯ ಮುಗಿದಿರುವುದಿಲ್ಲ. ಐದು ನಿಮಿಷ ಮಲಗಿಸಿ ಬಿಪಿ ನೋಡಿದರೆ ಮೇಲಿನ ಅಂಕಿ 138, ನಿಲ್ಲಿಸಿ ಒಂದು ನಿಮಿಷಕ್ಕೆ 112. ಇಪ್ಪತ್ತು ಅಥವಾ ಅದಕ್ಕಿಂತ ಹೆಚ್ಚು ಇಳಿದರೆ ಎದ್ದಾಗ ತಲೆ ಸುತ್ತುವ ಸಂಭವ ಹೆಚ್ಚು. ಮೂರನೇ ನಿಮಿಷಕ್ಕೂ ಒಮ್ಮೆ ನೋಡಬೇಕು. ಅಜ್ಜಿ ಕಾಲು ಇಳಿಬಿಟ್ಟು ಕೂತು, ತಲೆ ತಿಳಿಯಾದ ಮೇಲೆ ಏಳಬೇಕು. ನೆಲ ಒರೆಸುವವರು ಬರುವುದೂ ಇದೇ ಹೊತ್ತಿಗೆ.

ಇಷ್ಟೆಲ್ಲ ಮಾಡಿಯೂ ಬಿದ್ದರೆ? ಹಿಡಿದು ಎತ್ತಲು ಹೋಗಬೇಡಿ, ಅಲ್ಲೇ ಮಲಗಿಸಿ ನರ್ಸನ್ನು ಕೂಗಿ. ಒಂದು ಕಾಲು ಗಿಡ್ಡವಾಗಿ, ಪಾದ ಹೊರಕ್ಕೆ ತಿರುಗಿದ್ದರೆ ಸೊಂಟದ ಮೂಳೆ ಮುರಿದಿರುವ ಸಂಭವ ಹೆಚ್ಚು. ತಲೆಗೆ ಪೆಟ್ಟು ಬಿದ್ದಿದ್ದರೆ, ಅದರಲ್ಲೂ ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ, ನಂತರದ ತೂಕಡಿಕೆಯನ್ನು ನಿದ್ದೆ ಮಾತ್ರೆಯದ್ದೆಂದು ಬಿಟ್ಟುಬಿಡುವುದು ಅಪಾಯ. ಮೆದುಳಿನ ರಕ್ತಸ್ರಾವವೂ ಹಾಗೇ ಕಾಣಿಸಿಕೊಳ್ಳುತ್ತದೆ.

ಮನೆಯ ಹಿರಿಯರನ್ನು ದಾಖಲಿಸುವಾಗ ಅವರು ನುಂಗುವ ಎಲ್ಲ ಮಾತ್ರೆಗಳ ಸ್ಟ್ರಿಪ್ಪುಗಳನ್ನೂ ಒಂದು ಚೀಲದಲ್ಲಿ ತಂದು ನರ್ಸ್ ಕೈಗೆ ಕೊಡಿ. ಬಿಡುಗಡೆಯ ದಿನ ನಿದ್ದೆ ಮಾತ್ರೆಯನ್ನು ಯಾರು, ಎಷ್ಟು ವಾರಗಳಲ್ಲಿ ಇಳಿಸುತ್ತಾರೆ ಎಂದು ಕೇಳಿ, ಅದನ್ನು ಡಿಸ್ಚಾರ್ಜ್ ಚೀಟಿಯಲ್ಲಿ ಬರೆಸಿಕೊಳ್ಳಿ.