ಎಟಿಎಂ ಕಾರ್ಡ್ ನುಂಗಿದರೆ: ಬ್ಲಾಕ್ ಮಾಡಿಸುವ ಮುನ್ನ

ಎಟಿಎಂಗಳಲ್ಲಿ ಕಾರ್ಡ್ ಹಿಡಿಯುವ ಬಗೆ ಎರಡು. ಕೆಲವು ಯಂತ್ರಗಳು ಕಾರ್ಡನ್ನು ಪೂರ್ತಿ ಒಳಗೆ ಎಳೆದುಕೊಳ್ಳುತ್ತವೆ. ಉಳಿದವುಗಳಲ್ಲಿ ಕಾರ್ಡಿನ ತುದಿ ಹೊರಗೇ ಇರುತ್ತದೆ. ವ್ಯವಹಾರ ಮುಗಿಯುವ ತನಕ ಒಳಗಿನ ಕೊಂಡಿ ಅದನ್ನು ಬಿಗಿಹಿಡಿದಿರುತ್ತದೆ. ಮೊದಲ ಬಗೆಯಲ್ಲಿ ನೆಟ್‌ವರ್ಕ್ ಕೈಕೊಟ್ಟರೆ, ಕರೆಂಟ್ ಹೋಗಿ ಯಂತ್ರ ಮತ್ತೆ ಚಾಲೂ ಆದರೆ, ಇಲ್ಲವೇ ಹೊರಬಂದ ಕಾರ್ಡನ್ನು ಬೇಗ ತೆಗೆದುಕೊಳ್ಳದಿದ್ದರೆ ಅದು ಒಳಗಿನ ಪೆಟ್ಟಿಗೆಗೆ ಬೀಳುವುದುಂಟು.

ರಾತ್ರಿ ಎಂಟೂವರೆಗೆ ಒಬ್ಬರು ಬೇರೆ ಬ್ಯಾಂಕಿನ ಎಟಿಎಂನಲ್ಲಿ 5,000 ರೂಪಾಯಿ ಕೇಳಿದರೆಂದು ಇಟ್ಟುಕೊಳ್ಳೋಣ. ನೋಟು ಬರಲಿಲ್ಲ, ಕಾರ್ಡೂ ಬರಲಿಲ್ಲ. ಆಗ ಕ್ಯಾನ್ಸಲ್ ಒತ್ತಿ, ಪರದೆ ಮೊದಲ ಪುಟಕ್ಕೆ ಮರಳುವ ತನಕ ಅಲ್ಲೇ ನಿಲ್ಲಬೇಕು. ಎಷ್ಟೋ ಸಲ ಕಾರ್ಡ್ ತಡವಾಗಿ ಹೊರಬರುತ್ತದೆ. ಪಿನ್ ಮಾತ್ರ ಮತ್ತೊಮ್ಮೆ ಒತ್ತಬಾರದು. ಕಾರ್ಡ್ ತೂರಿಸುವ ಕಿಂಡಿಯಲ್ಲಿ ತೆಳುವಾದ ಪಟ್ಟಿ ಸಿಕ್ಕಿಸಿ ಕಾರ್ಡ್ ಹಿಡಿದಿಡುವ ಕಳ್ಳರು, ‘ಇನ್ನೊಂದು ಸಲ ಪಿನ್ ಹಾಕಿ ನೋಡಿ’ ಎಂದು ನೆರವಿಗೆ ಬರುವುದೇ ಅದನ್ನು ಕದ್ದು ನೋಡಲು. ಗೋಡೆಗೆ ಅಂಟಿಸಿದ ‘ಸಹಾಯವಾಣಿ’ ಸಂಖ್ಯೆಯೂ ಅವರದೇ ಇರಬಹುದು. ಸಂಖ್ಯೆಯನ್ನು ಪಾಸ್‌ಬುಕ್ಕಿನಿಂದಲೋ ಬ್ಯಾಂಕಿನ ಆ್ಯಪ್‌ನಿಂದಲೋ ತೆಗೆದುಕೊಳ್ಳಬೇಕು.

ಜಾಗ ಬಿಡುವ ಮುನ್ನ ಮಾಡಬೇಕಾದ ಮುಖ್ಯ ಕೆಲಸವೆಂದರೆ ಆ್ಯಪ್‌ನಲ್ಲಿ ಕಾರ್ಡನ್ನು ತಾತ್ಕಾಲಿಕವಾಗಿ ಆಫ್ ಮಾಡುವುದು. ಈ ಸೌಲಭ್ಯ ಕೊಡಬೇಕೆಂದು ರಿಸರ್ವ್ ಬ್ಯಾಂಕ್ 2020ರಲ್ಲೇ ಬ್ಯಾಂಕುಗಳಿಗೆ ಸೂಚಿಸಿದೆ. ಪಿನ್ ಗುಟ್ಟಾಗಿದೆ ಎಂದು ನಿರಾಳವಾಗುವಂತಿಲ್ಲ: ಅಂಗಡಿಯಲ್ಲಿ ಕಾರ್ಡ್ ತಾಗಿಸಿ 5,000 ರೂಪಾಯಿವರೆಗೆ ಪಿನ್ ಇಲ್ಲದೆಯೇ ಪಾವತಿಸಬಹುದು.

ಆಫ್ ಮಾಡಿದ ಕಾರ್ಡನ್ನು ಮತ್ತೆ ಆನ್ ಮಾಡಬಹುದು. ಶಾಶ್ವತವಾಗಿ ಬ್ಲಾಕ್ ಮಾಡಿಸಿದರೆ ಹೊಸ ಕಾರ್ಡೇ ಗತಿ. ಯಂತ್ರ ತಮ್ಮದೇ ಶಾಖೆಗೆ ಹೊಂದಿಕೊಂಡಿದ್ದು, ಸಿಬ್ಬಂದಿ ಕಾರ್ಡ್ ಒಳಗೇ ಇದೆಯೆಂದು ಖಚಿತಪಡಿಸಿದರೆ ಆಫ್ ಮಾಡಿ ಕಾಯುವುದರಲ್ಲಿ ಅರ್ಥವಿದೆ. ಮೇಲಿನ ಉದಾಹರಣೆಯಂತೆ ರಾತ್ರಿ ಹೊತ್ತು, ಬೇರೆ ಬ್ಯಾಂಕಿನ ಯಂತ್ರವಾದರೆ ಬ್ಲಾಕ್ ಮಾಡಿಸುವುದೇ ಸರಿ. ಅಲ್ಲಿ ಸಿಕ್ಕಿಬಿದ್ದ ಕಾರ್ಡ್ ಸಾಮಾನ್ಯವಾಗಿ ಗ್ರಾಹಕರ ಕೈಗೆ ಮರಳುವುದಿಲ್ಲ. ಕಿಂಡಿ ಸಡಿಲವಾಗಿ ಅಲುಗಾಡಿದರೆ, ಪಕ್ಕದಲ್ಲಿ ಅಪರಿಚಿತರು ಸುಳಿದಾಡಿದ್ದರೆ ಯೋಚಿಸುತ್ತ ಕೂರಬಾರದು. ಆ್ಯಪ್ ಇಲ್ಲದವರೂ ನೇರವಾಗಿ ಫೋನ್ ಮಾಡಿ ಬ್ಲಾಕ್ ಮಾಡಿಸಬೇಕು. ಬ್ಲಾಕ್ ಆದರೂ ಯುಪಿಐ ನಡೆಯುತ್ತದೆ; ಅದು ಖಾತೆಗೆ ಜೋಡಿಸಿದ್ದು, ಕಾರ್ಡಿಗಲ್ಲ.

ಕರೆ ಮಾಡುವ ಮೊದಲು ಯಂತ್ರದ ಮೇಲಿನ ಎಟಿಎಂ ಐಡಿ ಮತ್ತು ಸಮಯವನ್ನು ಬರೆದುಕೊಳ್ಳಬೇಕು. ಕೊನೆಯಲ್ಲಿ ದೂರಿನ ಸಂಖ್ಯೆ ಕೇಳಿ ಪಡೆಯಬೇಕು. ಯಂತ್ರ ಯಾರದೇ ಇರಲಿ, ದೂರು ಕೊಡಬೇಕಾದದ್ದು ಕಾರ್ಡ್ ಕೊಟ್ಟ ಬ್ಯಾಂಕಿಗೆ.

ನೋಟು ಬಾರದೆ ಖಾತೆಯಿಂದ ಹಣ ಕಡಿತವಾಗಿದ್ದರೆ ಅದು ಬೇರೆಯೇ ದೂರು. ರಿಸರ್ವ್ ಬ್ಯಾಂಕಿನ 2019ರ ನಿಯಮದಂತೆ ಆ ಹಣ ವ್ಯವಹಾರದ ದಿನದಿಂದ 5 ದಿನದೊಳಗೆ ತಾನಾಗಿ ವಾಪಸಾಗಬೇಕು. ತಡವಾದ ಪ್ರತಿ ದಿನಕ್ಕೆ ಬ್ಯಾಂಕ್ 100 ರೂಪಾಯಿ ಪರಿಹಾರ ಕೊಡಬೇಕು. ದೂರು ಕೊಟ್ಟು 30 ದಿನವಾದರೂ ಉತ್ತರ ಬಾರದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ಶುಲ್ಕವಿಲ್ಲದೆ ದೂರು ಸಲ್ಲಿಸಬಹುದು.